ಪ್ಲಾಸ್ಟರಿಂಗಿಗೆ ಎಷ್ಟು ಲೋಡ್ ಮರಳು ಬೇಕು? ಲೋಡಿನ ರೇಟು ಕೇಳುವ ಮೊದಲು ಟೇಪ್ ಹಿಡಿಯಿರಿ

ಪ್ರಶ್ನೆ: ನಮ್ಮದು 25x40 ಅಡಿಯ ಒಂದೇ ಅಂತಸ್ತಿನ ಮನೆ, 10 ಚದರ. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ. ಮೋಲ್ಡ್ ಆಗಿದೆ, ಈಗ ಪ್ಲಾಸ್ಟರಿಂಗ್. ಮೇಸ್ತ್ರಿ 3 ಟಿಪ್ಪರ್ ಪಿ ಸ್ಯಾಂಡ್ ಬೇಕು ಅಂತಾರೆ, ಸಪ್ಲೈಯರ್ 2 ಸಾಕು ಅಂತಾರೆ. ಟಿಪ್ಪರ್ ಲೋಡಿಗೆ 17,000 ರೂಪಾಯಿ, '300 ಅಡಿ' ಅಂತ ಲೆಕ್ಕ, ಅನ್‌ಲೋಡಿಂಗ್ ಇಲ್ಲ. ಆದರೆ ನಮ್ಮ ಓಣಿಗೆ ಟಿಪ್ಪರ್ ಬರಲ್ಲ. ತಿರುವಿನಲ್ಲಿ ಸುರಿದರೆ ಅಲ್ಲಿಂದ ಮನೆಗೆ ಹೊರೋಕೆ ಲೋಡಿಗೆ 4,500 ಕೇಳ್ತಾರೆ. ಇನ್ನೊಬ್ಬರು ಟ್ರ್ಯಾಕ್ಟರಿನಲ್ಲಿ ಮನೆ ಮುಂದಕ್ಕೇ ತಂದುಕೊಡ್ತಾರೆ. ಲೋಡಿಗೆ 5,500, '100 ಅಡಿ', ಅನ್‌ಲೋಡಿಂಗ್ 600 ಬೇರೆ. ಯಾರ ಮಾತು ಸರಿ? ಯಾವುದು ಲಾಭ?

ಉತ್ತರ: ಮೇಸ್ತ್ರಿಯೂ ಸುಳ್ಳು ಹೇಳ್ತಿಲ್ಲ, ಸಪ್ಲೈಯರೂ ಸುಳ್ಳು ಹೇಳ್ತಿಲ್ಲ. ಇಬ್ಬರ ತಲೆಯಲ್ಲಿರುವ 'ಲೋಡ್' ಬೇರೆ ಬೇರೆ, ಅಷ್ಟೇ. ಲೋಡ್ ಅನ್ನೋದು ಅಳತೆಯೇ ಅಲ್ಲ. ಅದು ಆ ಗಾಡಿಯ ಬಾಡಿಯಲ್ಲಿ ಅವತ್ತು ಎಷ್ಟು ತುಂಬಿತ್ತೋ ಅಷ್ಟು. ಹಾಗಾಗಿ ಮೊದಲು ನಿಮ್ಮ ಗೋಡೆಗೆ ಎಷ್ಟು ಘನ ಅಡಿ ಮರಳು ಬೇಕು ಅಂತ ನೋಡೋಣ. ಆಮೇಲೆ ಗಾಡಿಯಲ್ಲಿ ಎಷ್ಟು ಘನ ಅಡಿ ಬರುತ್ತೆ ಅಂತ ನೋಡೋಣ. ರೇಟಿನ ಮಾತು ಕೊನೆಗೆ.

ಒಂದು ತಪ್ಪು ತಿಳಿವಳಿಕೆಯನ್ನು ಈಗಲೇ ಬದಿಗಿಡೋಣ. 'ಚದರಕ್ಕೆ ಇಷ್ಟು ಮರಳು' ಅಂತ ಎಲ್ಲರೂ ಒಂದು ಲೆಕ್ಕ ಹೇಳ್ತಾರೆ. ಆ ಲೆಕ್ಕ ನೆಲದ ಅಳತೆಯದ್ದು. ಪ್ಲಾಸ್ಟರ್ ಬೀಳೋದು ನೆಲಕ್ಕಲ್ಲ, ಗೋಡೆಗೆ. ಅದೇ 10 ಚದರದ ಮನೆಯಲ್ಲಿ ಒಬ್ಬರು ದೊಡ್ಡ ಹಾಲ್ ಬಿಟ್ಟು ಎರಡು ರೂಮ್ ಮಾಡಿರ್ತಾರೆ. ಇನ್ನೊಬ್ಬರು ಮೂರು ರೂಮು, ದೇವರ ಮನೆ, ಸ್ಟೋರ್ ಅಂತ ಗೋಡೆ ಎಬ್ಬಿಸಿರ್ತಾರೆ. ಇಬ್ಬರಿಗೂ ಒಂದೇ ಮರಳು ಸಾಲಲ್ಲ.

ನಿಮ್ಮ ಮನೆಯ ಲೆಕ್ಕ

ಹೊರಗಿನಿಂದ ಶುರು ಮಾಡೋಣ. ಮನೆಯ ಸುತ್ತಳತೆ 130 ಅಡಿ. ನೆಲದಿಂದ ಪಾಯದ ಮಟ್ಟ 2 ಅಡಿ, ಗೋಡೆ 10 ಅಡಿ, ಮೋಲ್ಡಿನ ದಪ್ಪ ಅರ್ಧ ಅಡಿ, ಪ್ಯಾರಪೆಟ್ 3 ಅಡಿ ಅಂತಿಟ್ಟುಕೊಂಡರೆ ಎತ್ತರ 15.5 ಅಡಿ. ಅಲ್ಲಿಗೆ 2,015 ಚದರಡಿ. ಪ್ಯಾರಪೆಟ್ಟಿನ ಒಳಮೈ ಮತ್ತು ತಲೆಯನ್ನು ತುಂಬಾ ಜನ ಮರೀತಾರೆ. ಅದೇ 455 ಚದರಡಿ ಆಗುತ್ತೆ. ಒಟ್ಟು 2,470. ಹೊರಗೋಡೆಯ ಕಿಟಕಿ, ಬಾಗಿಲಿಗೆ ಸುಮಾರು 140 ಕಳೆದರೆ 2,330 ಚದರಡಿ.

ಕಿಟಕಿ ಬಾಗಿಲು ಕಳೆಯೋದಕ್ಕೆ ಒಂದು ಪದ್ಧತಿ ಇದೆ. ಕಾಮಗಾರಿ ಅಳತೆಯ ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಅರ್ಧ ಚದರ ಮೀಟರಿಗಿಂತ ಚಿಕ್ಕ ಕಿಂಡಿಯನ್ನು ಕಳೆಯೋದೇ ಇಲ್ಲ. ಅರ್ಧದಿಂದ 3 ಚದರ ಮೀಟರ್ ತನಕ ಗೋಡೆಯ ಒಂದು ಮೈಗೆ ಮಾತ್ರ ಕಳೀತಾರೆ. ಇನ್ನೊಂದು ಮೈಯದ್ದು ಕಿಟಕಿ ಸುತ್ತಲಿನ ಅಂಚಿನ ಪ್ಲಾಸ್ಟರಿಗೆ ಸರಿಹೋಗುತ್ತೆ ಅನ್ನೋ ಲೆಕ್ಕ. ನಿಮ್ಮ ಮನೆಯ ಮಾಮೂಲಿ ಕಿಟಕಿ ಬಾಗಿಲುಗಳೆಲ್ಲ ಈ ನಡುವಿನ ಗುಂಪಿಗೇ ಬರ್ತವೆ. ಮೇಸ್ತ್ರಿಯ ಕೂಲಿ ಲೆಕ್ಕ ಹಾಕುವಾಗಲೂ ಇದು ಉಪಯೋಗಕ್ಕೆ ಬರುತ್ತೆ.

ಇನ್ನು ಒಳಗೆ. ಹೊರಗೋಡೆಯ ಒಳಮೈ ಸುತ್ತಳತೆ 126 ಅಡಿ, ಎತ್ತರ 10 ಅಡಿ, ಅಂದರೆ 1,260 ಚದರಡಿ. ರೂಮುಗಳ ನಡುವಿನ ಗೋಡೆಗಳ ಒಟ್ಟು ಉದ್ದವನ್ನು ನಾನು 70 ಅಡಿ ಅಂತ ಹಿಡಿದಿದ್ದೀನಿ. ನೀವು ಟೇಪ್ ಹಿಡಿದು ಸರಿಯಾದ ಉದ್ದ ಹಾಕಿಕೊಳ್ಳಿ. ಎರಡೂ ಮೈ ಸೇರಿ 1,400. ಒಳಬಾಗಿಲು ಕಳೆದು ಒಟ್ಟು 2,575 ಚದರಡಿ. ಮೋಲ್ಡಿನ ತಳ, ಅಂದರೆ ಸೀಲಿಂಗ್, ಸುಮಾರು 900. ಬಾತ್‌ರೂಮಿಗೆ ಟೈಲ್ಸ್ ಬರುತ್ತೆ ಅಂತ ಅದನ್ನು ಬಿಡಬೇಡಿ. ಟೈಲ್ಸಿನ ಹಿಂದೆಯೂ ರಫ್ ಪ್ಲಾಸ್ಟರ್ ಬೇಕೇ ಬೇಕು.

ಎಲ್ಲಾ ಸೇರಿಸಿದರೆ 5,800 ಚದರಡಿ. ನೆಲದ ಅಳತೆಯ ಸುಮಾರು ಆರು ಪಟ್ಟು.

ಈಗ ದಪ್ಪ. ಹೊರಗೆ ಎರಡು ಕೋಟ್ ಸೇರಿ 20 ಎಂಎಂ, ಒಳಗೆ 15 ಎಂಎಂ, ಸೀಲಿಂಗಿಗೆ 6 ಎಂಎಂ ಅಂತ ಹಿಡಿಯೋಣ. ಚದರಡಿಯನ್ನು ದಪ್ಪದಿಂದ ಗುಣಿಸಿದರೆ ಗೋಡೆ ಮೇಲೆ ಕೂರುವ ಗಾರೆ ಸಿಗುತ್ತೆ. ಹೊರಗೆ 153, ಒಳಗೆ 127, ಸೀಲಿಂಗಿಗೆ 18, ಸರಿಸುಮಾರು 300 ಘನ ಅಡಿ.

ಬ್ಲಾಕಿನ ಸಂದು, ಗೋಡೆಯ ಗುಂಡಿ ತುಂಬೋಕೆ ಇದಕ್ಕೆ ಶೇ. 20 ಸೇರಿಸಿ. 360 ಆಯಿತು. ಸಿಮೆಂಟು ಮತ್ತು ಮರಳನ್ನು ನೀರು ಹಾಕಿ ಕಲಸಿದಾಗ ಸಿಮೆಂಟು ಮರಳಿನ ಸಂದಿಗೆ ಇಳಿದು ಗಾರೆ ಕುಗ್ಗುತ್ತೆ. ಅದಕ್ಕೆ ಒಣ ಮಾಲಿನ ಲೆಕ್ಕಕ್ಕೆ ಇನ್ನೊಂದು ಮೂರನೇ ಒಂದು ಪಾಲು ಸೇರಿಸಬೇಕು. 480 ಆಯಿತು. ಸೀಲಿಂಗಿಗೆ ಸಿಮೆಂಟು ಸ್ವಲ್ಪ ಜಾಸ್ತಿ ಹಾಕ್ತಾರೆ, ಒಳಗೋಡೆಗೆ ಸ್ವಲ್ಪ ಕಮ್ಮಿ. ಸರಾಸರಿ ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು ಅಂತ ಹಿಡಿದರೆ ಈ 480ರಲ್ಲಿ ಮರಳು 400 ಘನ ಅಡಿ. ಕೆಳಗೆ ಉದುರೋದು, ನೆಲಕ್ಕೆ ಅಂಟಿಕೊಂಡು ಹೋಗೋದು ಅಂತ ಶೇ. 10 ಸೇರಿಸಿ, 440. ಸಿಮೆಂಟು ಸುಮಾರು 70 ಮೂಟೆ.

ಇದು ಒಣ ಮರಳಿನ ಲೆಕ್ಕ. ನಿಮ್ಮ ಮನೆಗೆ ಒಣ ಮರಳು ಬರಲ್ಲ.

ಒದ್ದೆ ಮರಳಿನ ಆಟ

ತೊಳೆದ ಪಿ ಸ್ಯಾಂಡ್ ಸಾಮಾನ್ಯವಾಗಿ ತೇವವಾಗಿಯೇ ಬರುತ್ತೆ. ತೇವದ ಮರಳಿನಲ್ಲಿ ಪ್ರತಿ ಕಾಳಿನ ಸುತ್ತ ನೀರಿನ ಪದರ ಕೂತು ಕಾಳುಗಳನ್ನು ದೂರ ತಳ್ಳುತ್ತೆ. ಮರಳು ಉಬ್ಬುತ್ತೆ. ಎಂಜಿನಿಯರುಗಳು ಇದಕ್ಕೆ ಬಲ್ಕಿಂಗ್ ಅಂತಾರೆ. ಶೇ. 5ರಷ್ಟು ತೇವ ಇದ್ದರೆ ಸಾಕು, ಶೇ. 20-25ರ ತನಕ ಉಬ್ಬಬಹುದು. ಮರಳು ನುಣುಪಾದಷ್ಟೂ ಉಬ್ಬುವುದು ಜಾಸ್ತಿ. ಪ್ಲಾಸ್ಟರಿಂಗಿನ ಮರಳು ಕಾಂಕ್ರೀಟಿನ ಮರಳಿಗಿಂತ ನುಣುಪು ಅಲ್ವಾ, ಆ ಪೆಟ್ಟು ಇಲ್ಲಿ ಹೆಚ್ಚು ಬೀಳುತ್ತೆ. ತಮಾಷೆ ಅಂದರೆ ಪೂರ್ತಿ ಒಣಗಿದ ಮರಳೂ ಉಬ್ಬಿರಲ್ಲ, ನೀರಲ್ಲಿ ಮುಳುಗಿದ ಮರಳೂ ಉಬ್ಬಿರಲ್ಲ. ನಡುವೆ ಇರೋದೇ ಮೋಸ.

ಇದನ್ನು ಗಾಡಿ ಮುಂದೆಯೇ ಪರೀಕ್ಷೆ ಮಾಡಬಹುದು. ನೇರ ಗೋಡೆಯ ಒಂದು ಪಾರದರ್ಶಕ ಡಬ್ಬಿ ತಗೊಳ್ಳಿ. ಗಾಡಿಯ ಮೇಲ್ಮೈಯಿಂದಲ್ಲ, ಒಂದಡಿ ಒಳಗಿಂದ ಮರಳು ತೆಗೆದು ಡಬ್ಬಿಗೆ ಸಡಿಲವಾಗಿ ಹಾಕಿ. ಒತ್ತಬೇಡಿ. ಸ್ಕೇಲಿನಲ್ಲಿ ಎತ್ತರ ನೋಡಿ, 20 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಮರಳನ್ನು ಇನ್ನೊಂದು ಪಾತ್ರೆಗೆ ಸುರಿದು, ಡಬ್ಬಿಗೆ ಅರ್ಧ ನೀರು ಹಾಕಿ, ಮರಳನ್ನು ವಾಪಸ್ ಸುರಿದು ಕಡ್ಡಿಯಿಂದ ಕಲಕಿ. ಗುಳ್ಳೆ ಬರೋದು ನಿಂತ ಮೇಲೆ ಮತ್ತೆ ಎತ್ತರ ನೋಡಿ. 20 ಇದ್ದದ್ದು 16ಕ್ಕೆ ಇಳಿದರೆ ಮರಳು ಶೇ. 25 ಉಬ್ಬಿತ್ತು ಅಂತ ಅರ್ಥ. 17.5ರಲ್ಲಿ ನಿಂತರೆ ಶೇ. 14 ಆಸುಪಾಸು.

ನಿಮ್ಮ ಲೆಕ್ಕಕ್ಕೆ ನಾನು ಶೇ. 15 ಹಿಡೀತೀನಿ. ಆಗ 440 ಘನ ಅಡಿ ಒಣ ಮರಳಿಗೆ ನೀವು ಗಾಡಿಯ ಅಳತೆಯಲ್ಲಿ 500 ಘನ ಅಡಿ ಕೊಳ್ಳಬೇಕು. ಹೆಚ್ಚಿನ 60 ಅಡಿ ಬರೀ ಗಾಳಿ.

ತೂಕದಲ್ಲಿ ಕೊಂಡರೆ? ಈಗ ಕ್ರಷರುಗಳಲ್ಲಿ ಟನ್ ಲೆಕ್ಕವೂ ನಡೆಯುತ್ತೆ. ಶೇ. 5 ತೇವ ಇದ್ದರೆ 10 ಟನ್‌ನಲ್ಲಿ ಅರ್ಧ ಟನ್ ನೀರಿಗೆ ದುಡ್ಡು ಕೊಟ್ಟ ಹಾಗೆ. ಆದರೆ ಅದೇ ತೇವಕ್ಕೆ ಅಡಿ ಲೆಕ್ಕದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಹೋಗುತ್ತೆ. ತೇವದ ಮರಳಾದರೆ ತೂಕದ ಲೆಕ್ಕವೇ ಗಿರಾಕಿಗೆ ವಾಸಿ. ಗಾಡಿಯಿಂದ ನೀರು ಸೋರುತ್ತಾ ಬಂದಿದ್ದರೆ ಮಾತ್ರ ಉಲ್ಟಾ, ಅಂಥದ್ದನ್ನು ತೂಕದಲ್ಲಿ ಕೊಳ್ಳಬೇಡಿ.

ಮೇಸ್ತ್ರಿ ಮೂರು ಲೋಡ್ ಯಾಕೆ ಅಂದರು

500 ಅಡಿ ಸಾಕು ಅಂದಮೇಲೆ 300 ಅಡಿಯ ಮೂರು ಟಿಪ್ಪರ್ ಯಾಕೆ? ಮೇಸ್ತ್ರಿಗೆ ಎರಡು ಕಾರಣ ಇರುತ್ತೆ. 300 ಅಡಿ ಅಂತ ಹೇಳೋ ಗಾಡಿಯಲ್ಲಿ ಅಷ್ಟು ಇರಲ್ಲ ಅಂತ ಅವರಿಗೆ ಅನುಭವದಿಂದ ಗೊತ್ತು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಗೋಡೆ ಎಷ್ಟು ನೆಟ್ಟಗಿದೆ ಅಂತಲೂ ಅವರಿಗೆ ಗೊತ್ತು. ಗೋಡೆ ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ ಇದ್ದರೆ ಅದನ್ನು ಪ್ಲಾಸ್ಟರಿನಲ್ಲೇ ಸಮ ಮಾಡಬೇಕು. ಅಲ್ಲಿಗೆ 15 ಎಂಎಂ ಅಂದದ್ದು 20 ಆಗುತ್ತೆ, 20 ಅಂದದ್ದು 25 ಆಗುತ್ತೆ.

ಗೋಡೆಗಳಿಗೆ ಸರಾಸರಿ 5 ಎಂಎಂ ದಪ್ಪ ಜಾಸ್ತಿಯಾದರೆ ಏನಾಗುತ್ತೆ ನೋಡಿ. ಸೀಲಿಂಗ್ ಬಿಟ್ಟು ನಿಮ್ಮ ಗೋಡೆಗಳು 4,900 ಚದರಡಿ. ಸಂದು, ಗುಂಡಿಯ ಶೇ. 20 ಬಿಟ್ಟು ಉಳಿದದ್ದನ್ನು ಮೇಲೆ ಹಾಕಿದ ಹಾಗೆಯೇ ಲೆಕ್ಕ ಹಾಕಿದರೆ ಸುಮಾರು 100 ಘನ ಅಡಿ ಒಣ ಮರಳು ಹೆಚ್ಚಿಗೆ ಬೇಕು. ಅಂದರೆ ಒಂದು ಟ್ರ್ಯಾಕ್ಟರ್ ಲೋಡಿಗಿಂತ ಸ್ವಲ್ಪ ಜಾಸ್ತಿ. ಜೊತೆಗೆ ಸುಮಾರು 15 ಮೂಟೆ ಸಿಮೆಂಟು. ಮರಳಿನ ರೇಟಿನಲ್ಲಿ ಚೌಕಾಸಿ ಮಾಡಿ ಉಳಿಸೋದಕ್ಕಿಂತ ಹೆಚ್ಚು ದುಡ್ಡು ಈ 5 ಎಂಎಂನಲ್ಲಿ ಕೂತಿದೆ.

ಆದ್ದರಿಂದ ಆರ್ಡರ್ ಕೊಡುವ ಮೊದಲು ಒಂದು ಕೆಲಸ ಮಾಡಿಸಿ. ಮೇಸ್ತ್ರಿಗಳು ಬುಲ್ ಮಾರ್ಕ್ ಅಂತಾರಲ್ಲ, ಗೋಡೆ ಮೇಲೆ ಅಲ್ಲಲ್ಲಿ ಗಾರೆಯ ಸಣ್ಣ ಬಿಲ್ಲೆ ಇಟ್ಟು ಪ್ಲಾಸ್ಟರಿನ ಮಟ್ಟ ಗುರುತು ಮಾಡೋದು, ಅದನ್ನು ಎಲ್ಲಾ ಗೋಡೆಗೂ ಮೊದಲೇ ಮುಗಿಸಲಿ. ಗುಂಡು ಬಿಟ್ಟು, ದಾರ ಕಟ್ಟಿ ಇಟ್ಟ ಗುರುತಾಗಿರಬೇಕು. ಆಮೇಲೆ ನೀವೇ ಸ್ಕೇಲ್ ಹಿಡಿದು ಪ್ರತಿ ಬಿಲ್ಲೆಯ ದಪ್ಪ ನೋಡಿ ಬರೆದುಕೊಳ್ಳಿ. ಎಲ್ಲದರ ಸರಾಸರಿಯೇ ನಿಮ್ಮ ನಿಜವಾದ ದಪ್ಪ. ಇಷ್ಟು ಮಾಡಲು ಮರಳಿನ ಲೋಡ್ ಏನೂ ಬೇಡ, ಗೋಡೆ ಕಟ್ಟಿದಾಗ ಉಳಿದದ್ದನ್ನು ಜರಡಿ ಹಿಡಿದುಕೊಂಡರೆ ಸಾಕು. ಎಲ್ಲಾದರೂ ಒಂದು ಬಿಲ್ಲೆ 35-40 ಎಂಎಂ ಬಂದರೆ ಅಲ್ಲಿ ಒಂದೇ ಸಲ ಬಳಿಯಲು ಬಿಡಬೇಡಿ. ತನ್ನ ಭಾರಕ್ಕೇ ಜಾರುತ್ತೆ, ಒಣಗಿದಾಗ ಬಿರುಕು ಬಿಡುತ್ತೆ. ಮೊದಲು ಒರಟಾಗಿ ಒಂದು ಪದರ ಹಾಕಿ ಗೀರು ಎಳೆದು ಬಿಟ್ಟು, ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ.

ಗಾಡಿಯನ್ನು ಅಳೆಯೋದು

ಲೋಡ್ ಬಂದಾಗ ಸುರಿಸುವ ಮೊದಲು ಮೇಲೆ ಹತ್ತಬೇಕು. ಮರಳಿನ ಗೋಪುರವನ್ನು ಸಲಿಕೆಯಿಂದ ಸಮ ಮಾಡಿಸಿ. ಬಾಡಿಯ ಒಳಗಿನ ಉದ್ದ, ಒಳಗಿನ ಅಗಲ ಅಳೆಯಿರಿ. ಹೊರಗಿನಿಂದ ಅಳೆದರೆ ತಗಡು, ಚಾನೆಲ್ ಎಲ್ಲಾ ಸೇರಿಬಿಡುತ್ತೆ. ಕೆಲವು ಟಿಪ್ಪರುಗಳಲ್ಲಿ ಮುಂದುಗಡೆ ಹೈಡ್ರಾಲಿಕ್ ಜಾಕಿನ ಪೆಟ್ಟಿಗೆ ಬಾಡಿಯ ಒಳಕ್ಕೆ ಚಾಚಿರುತ್ತೆ, ಅದನ್ನು ಕಳೆಯಿರಿ. ಎತ್ತರಕ್ಕೆ ಒಂದು ಕಬ್ಬಿಣದ ಸರಳನ್ನು ಮರಳಿನಲ್ಲಿ ತಳ ಮುಟ್ಟುವ ತನಕ ಚುಚ್ಚಿ, ನಾಲ್ಕು ಮೂಲೆ ಮತ್ತು ನಡುವೆ. ಐದರ ಸರಾಸರಿ ತಗೊಳ್ಳಿ.

ಉದಾಹರಣೆಗೆ ಆರು ಚಕ್ರದ ಒಂದು ಟಿಪ್ಪರಿನ ಒಳ ಅಳತೆ 13 ಅಡಿ ಉದ್ದ, 7 ಅಡಿ ಅಗಲ ಅಂತಿಟ್ಟುಕೊಳ್ಳಿ. 300 ಅಡಿ ಆಗಬೇಕಾದರೆ ಮರಳು 3 ಅಡಿ 4 ಇಂಚು ಎತ್ತರ ನಿಲ್ಲಬೇಕು. ಸರಳು 2 ಅಡಿ 9 ಇಂಚು ಇಳಿದರೆ ಅದರಲ್ಲಿರೋದು 250 ಅಡಿ. ಟ್ರ್ಯಾಕ್ಟರ್ ಟ್ರೇಲರ್ 10 ಅಡಿ ಉದ್ದ, 6 ಅಡಿ ಅಗಲ ಇದ್ದರೆ 100 ಅಡಿಗೆ 20 ಇಂಚು ಎತ್ತರ ಬೇಕು. 18 ಇಂಚು ಇದ್ದರೆ 90 ಅಡಿ. ನಿಮಗೆ ಬರುವ ಗಾಡಿ ಬೇರೆ ಇರಬಹುದು, ಆದರೆ ಈ ಥರದ ಕೊರತೆ ತೀರಾ ಮಾಮೂಲಿ.

ಸಪ್ಲೈಯರ್ ಕಡೆಯಿಂದಲೂ ಒಂದು ಮಾತು ನ್ಯಾಯವಾಗಿ ಹೇಳಬೇಕು. ದಾರಿಯುದ್ದಕ್ಕೂ ಕುಲುಕಾಟಕ್ಕೆ ಮರಳು ಕೂರುತ್ತೆ. ಕ್ರಷರಿನಲ್ಲಿ ತುಂಬಿದಾಗ ಇದ್ದ ಎತ್ತರ ನಿಮ್ಮ ಮನೆ ಮುಂದೆ ಇರಲ್ಲ. ಒಂದೆರಡು ಇಂಚಿಗೆ ಜಗಳ ಮಾಡಬೇಡಿ. ಅದರ ಬದಲು ಫೋನಿನಲ್ಲಿ ರೇಟು ಮಾತಾಡುವಾಗಲೇ 'ನಮ್ಮ ಮನೆ ಹತ್ತಿರ ಸಮ ಮಾಡಿ ಅಳೆದಷ್ಟಕ್ಕೆ ದುಡ್ಡು' ಅಂತ ಹೇಳಿಬಿಡಿ. ಒಪ್ಪದವರು ಆಗಲೇ ಗೊತ್ತಾಗ್ತಾರೆ. ಗಾಡಿ ಬಂದು ನಿಂತ ಮೇಲೆ ಹೇಳಿದರೆ ಮಾತಿಗೆ ಮಾತು ಬೆಳೆಯೋದು ಬಿಟ್ಟರೆ ಬೇರೆ ಏನೂ ಆಗಲ್ಲ.

ತೂಕದ ಚೀಟಿ ಇದ್ದರೆ ಅದರಿಂದಲೂ ತಾಳೆ ನೋಡಬಹುದು. ಒಣ ಮರಳು ಘನ ಅಡಿಗೆ ಸುಮಾರು 42ರಿಂದ 45 ಕೆಜಿ ತೂಗುತ್ತೆ. ತೇವಕ್ಕೆ ಉಬ್ಬಿದ್ದು ಅದಕ್ಕಿಂತ ಹಗುರ, 40ರ ಆಸುಪಾಸು. ಚೀಟಿಯಲ್ಲಿ ನಿವ್ವಳ 10 ಟನ್ ಅಂತಿದ್ದರೆ ಗಾಡಿಯಲ್ಲಿ 250 ಅಡಿ ಇದೆ ಅನ್ನಬಹುದು, 300 ಅಲ್ಲ.

ಈಗ ರೇಟು

ನಿಮಗೆ ಬಂದ ಎರಡು ರೇಟನ್ನೂ ಒಂದೇ ಅಳತೆಗೆ ತರೋಣ. ಮನೆ ಬಾಗಿಲಲ್ಲಿ ಬಿದ್ದ ಒಂದು ಘನ ಅಡಿಗೆ ಎಷ್ಟು ರೂಪಾಯಿ, ಅಷ್ಟೇ ನೋಡಬೇಕು.

ಅವರು ಹೇಳಿದ ಅಡಿಯನ್ನೇ ನಂಬಿದರೆ ಟಿಪ್ಪರಿನ 17,000ಕ್ಕೆ 300 ಅಡಿ, ಅಡಿಗೆ 57 ರೂಪಾಯಿ. ಟ್ರ್ಯಾಕ್ಟರಿಗೆ ಅನ್‌ಲೋಡಿಂಗ್ ಸೇರಿ 6,100, 100 ಅಡಿ, ಅಡಿಗೆ 61. ಟಿಪ್ಪರ್ ಅಗ್ಗ ಅನ್ನಿಸುತ್ತೆ. ಮೇಲಿನ ಉದಾಹರಣೆಯ ಹಾಗೆ ಟಿಪ್ಪರಿನಲ್ಲಿ 250, ಟ್ರೇಲರಿನಲ್ಲಿ 90 ಇದ್ದರೆ? ಎರಡೂ ಅಡಿಗೆ 68 ರೂಪಾಯಿಗೆ ಬಂದು ನಿಲ್ತವೆ. ಟಿಪ್ಪರಿನ ಲಾಭ ಅಲ್ಲಿಗೆ ಮುಗೀತು. ಅದರ ಮೇಲೆ ಓಣಿಯ ತಿರುವಿನಿಂದ ಹೊರೋಕೆ ಲೋಡಿಗೆ 4,500 ಸೇರಿಸಿ. ಟಿಪ್ಪರಿನ ಮರಳು ಅಡಿಗೆ 86 ರೂಪಾಯಿ ಆಯಿತು.

500 ಅಡಿಗೆ ಲೆಕ್ಕ ಹಾಕಿದರೆ ಎರಡು ಟಿಪ್ಪರಿಗೆ ಹೊರುವ ಕೂಲಿ ಸೇರಿ 43,000. ಆರು ಟ್ರ್ಯಾಕ್ಟರಿಗೆ ಅನ್‌ಲೋಡಿಂಗ್ ಸೇರಿ 36,600, ಅದೂ 540 ಅಡಿಗೆ. ಹಾಗಾಗಿ ನಿಮ್ಮ ಓಣಿಗೆ ಟ್ರ್ಯಾಕ್ಟರೇ ಸರಿ. ಟಿಪ್ಪರ್ ನಿಮ್ಮ ಮನೆ ಮುಂದಕ್ಕೇ ಬರುವ ಹಾಗಿದ್ದು, ಅಳೆದಾಗ ನಿಜವಾಗಿ 300 ಅಡಿ ಇದ್ದಿದ್ದರೆ ನಾನೇ ಟಿಪ್ಪರ್ ತಗೊಳ್ಳಿ ಅಂತಿದ್ದೆ.

ಅನ್‌ಲೋಡಿಂಗ್ ಬಗ್ಗೆ ಜನಕ್ಕೆ ಒಂದು ಗೊಂದಲ ಇದೆ. ಎರಡು ಬೇರೆ ಕೆಲಸಕ್ಕೆ ಒಂದೇ ಹೆಸರು ಹೇಳ್ತಾರೆ. ಗಾಡಿಯಿಂದ ನೆಲಕ್ಕೆ ಇಳಿಸೋದು ಒಂದು. ಬಿದ್ದ ಜಾಗದಿಂದ ಕೆಲಸದ ಜಾಗಕ್ಕೆ ಹೊರೋದು ಇನ್ನೊಂದು. ಟಿಪ್ಪರಿಗೆ ಮೊದಲನೆಯದ್ದರ ಖರ್ಚಿಲ್ಲ, ಜಾಕ್ ಎತ್ತಿದರೆ ಸುರಿಯುತ್ತೆ. ಟ್ರೇಲರಿಗೂ ಜಾಕ್ ಇದ್ದರೆ ಅದೂ ಸುರಿಯುತ್ತೆ. ಆಗ 600 ರೂಪಾಯಿ ಯಾತಕ್ಕೆ ಅಂತ ಕೇಳೋ ಹಕ್ಕು ನಿಮಗಿದೆ. ಜಾಕ್ ಇಲ್ಲದ ಟ್ರೇಲರ್ ಆದರೆ ಇಬ್ಬರು ನಿಂತು ಸಲಿಕೆಯಿಂದ ಎಳೆದು ಹಾಕಬೇಕು, ಅಲ್ಲಿ ಆ ದುಡ್ಡು ನ್ಯಾಯವಾದದ್ದೇ. ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿ 'ಜಾಕ್ ಇದೆಯಾ' ಅಂತ ಒಂದೇ ಮಾತು ಕೇಳಿ. ಇದ್ದರೆ ಆರು ಲೋಡಿಗೆ 3,600 ಉಳಿಯಬಹುದು, ಇಲ್ಲವೇ ಅರ್ಧಕ್ಕಾದರೂ ಇಳಿಯಬಹುದು.

ಹೊರುವ ಕೂಲಿ ಜಾಸ್ತಿ ಯಾಕೆ ಅನ್ನೋದು ಬಾಂಡ್ಲಿ ಎಣಿಸಿದರೆ ತಿಳಿಯುತ್ತೆ. ಒಂದು ಬಾಂಡ್ಲಿಯಲ್ಲಿ ಹಿಡಿಯೋದು ಹೆಚ್ಚೆಂದರೆ ಅರ್ಧ ಘನ ಅಡಿ. 250 ಅಡಿ ಅಂದರೆ 500 ಸಲ ಹೊತ್ತು, 500 ಸಲ ಖಾಲಿ ಬರಬೇಕು. 4,500 ಕೇಳಿದವರನ್ನು ನಾನು ಬೈಯಲ್ಲ. ಆ ಕೆಲಸವನ್ನೇ ತಪ್ಪಿಸಿಕೊಳ್ಳೋದು ಜಾಣತನ. ಮಾತುಕತೆ ಆಡುವಾಗ ಮೇಸ್ತ್ರಿಯನ್ನೂ ಕೇಳಿ: ಮನೆ ಮುಂದೆ ಬಿದ್ದ ಮರಳನ್ನು ಒಳಗೆ, ಪ್ಯಾರಪೆಟ್ಟಿಗಾಗಿ ಮೇಲಕ್ಕೆ ಸಾಗಿಸೋದು ಅವರ ಕೂಲಿಯಲ್ಲಿ ಸೇರಿದೆಯಾ? ಜರಡಿ ಹಿಡಿಯೋದು ಯಾರು? ಇದನ್ನು ಬಾಯಿ ಬಿಟ್ಟು ಕೇಳದಿದ್ದರೆ ಪ್ಯಾರಪೆಟ್ಟಿನ ಕೆಲಸ ಶುರುವಾದ ದಿನ ಹೊಸ ಬಿಲ್ ಬರುತ್ತೆ.

ಟ್ರ್ಯಾಕ್ಟರಿನಲ್ಲೂ ಎಡವಟ್ಟು ಇದೆ

ಆರು ಲೋಡ್ ಅಂದರೆ ಆರು ಸಲ ಬೇರೆ ಬೇರೆ ರಾಶಿಯಿಂದ ಬರಬಹುದು. ಒಂದು ಲೋಡ್ ಚೆನ್ನಾಗಿ ತೊಳೆದ ಪಿ ಸ್ಯಾಂಡ್, ಇನ್ನೊಂದು ಬರೀ ಕ್ರಷರ್ ಪುಡಿ. ಪುಡಿ ಜಾಸ್ತಿ ಇದ್ದರೆ ಗಾರೆ ನೀರು ಜಾಸ್ತಿ ಕುಡಿಯುತ್ತೆ. ಕರಣೆಗೆ ಬೆಣ್ಣೆಯ ಹಾಗೆ ಬರುತ್ತೆ, ಮೇಸ್ತ್ರಿಗೂ ಖುಷಿ. ಒಣಗಿದಾಗ ಮಾತ್ರ ಕೂದಲಿನಂಥ ಬಿರುಕು ಗೋಡೆ ತುಂಬಾ ಕಾಣುತ್ತೆ. ಪ್ಲಾಸ್ಟರಿಂಗ್ ಮರಳಿನ ಮಾನಕ ಐಎಸ್ 1542ರಲ್ಲಿ ಮಣ್ಣು, ಹೂಳು, ಪುಡಿಗೆ ತೂಕದಲ್ಲಿ ಶೇ. 5ರ ಮಿತಿ ಇದೆ.

ಲ್ಯಾಬಿಗೆ ಹೋಗದೆ ಅಂದಾಜು ನೋಡೋಕೆ ಒಂದು ಗಾಜಿನ ಬಾಟಲಿ ಸಾಕು. ಅರ್ಧದಷ್ಟು ಮರಳು, ಮುಕ್ಕಾಲಿನ ತನಕ ನೀರು, ಒಂದು ಚಮಚ ಉಪ್ಪು. ಚೆನ್ನಾಗಿ ಕುಲುಕಿ ಮೂರು ಗಂಟೆ ಅಲ್ಲಾಡಿಸದೆ ಇಡಿ. ಮರಳು ತಳದಲ್ಲಿ ಕೂತು, ಅದರ ಮೇಲೆ ನುಣುಪಾದ ಬೇರೆ ಪದರ ನಿಲ್ಲುತ್ತೆ. ಮರಳಿನ ಪದರ 10 ಸೆಂಟಿಮೀಟರ್ ಇದ್ದು ಮೇಲಿನದ್ದು 8 ಎಂಎಂ ದಾಟಿದರೆ ಆ ಲೋಡನ್ನು ಪ್ಲಾಸ್ಟರಿಂಗಿಗೆ ಬಳಸಬೇಡಿ. ಮೊದಲ ಲೋಡಿನಿಂದ ಒಂದು ಡಬ್ಬಿ ತೆಗೆದಿಟ್ಟುಕೊಳ್ಳಿ. ಮುಂದಿನ ಲೋಡ್ ಬಂದಾಗ ಅಂಗೈಯಲ್ಲಿ ಎರಡನ್ನೂ ಉಜ್ಜಿ ನೋಡಿ. ಕೈಗೆ ಹಿಟ್ಟಿನಂತೆ ಅಂಟಿಕೊಂಡರೆ ಇಳಿಸಲು ಬಿಡದೆ ವಾಪಸ್ ಕಳಿಸಿ. ಇಳಿದ ಮೇಲೆ ಯಾರೂ ಎತ್ತಿಕೊಂಡು ಹೋಗಲ್ಲ.

ಟಿಪ್ಪರಿನ ಲಾಭ ಇರೋದು ಇಲ್ಲೇ. ಒಂದೇ ರಾಶಿಯ ಮರಳು 250 ಅಡಿ ಒಟ್ಟಿಗೆ ಸಿಗುತ್ತೆ. ಹೊರಗೋಡೆಯ ಪ್ಲಾಸ್ಟರ್ ಒಂದೇ ಥರ ಕಾಣಬೇಕು ಅನ್ನೋರಿಗೆ ಅದು ಮುಖ್ಯ. ಆದರೆ ರಸ್ತೆ ತಿರುವಿನಲ್ಲಿ ಬಿದ್ದ ರಾಶಿ ಮಳೆಗೆ ಹರಿಯುತ್ತೆ, ಗಾಡಿಗಳ ಚಕ್ರಕ್ಕೆ ಹೋಗುತ್ತೆ, ಕೊನೆಯ ಪದರ ಮಣ್ಣಿನ ಜೊತೆ ಬೆರೆತು ಕೆಲಸಕ್ಕೆ ಬರಲ್ಲ. ಆ ನಷ್ಟವನ್ನು ನಾನು ಮೇಲಿನ 86 ರೂಪಾಯಿಗೆ ಸೇರಿಸಿಲ್ಲ.

ನೀರು ಹಾಕಿ ಕಲಸಿದರೆ ಸಾಕು ಅನ್ನೋ ರೆಡಿ ಪ್ಲಾಸ್ಟರ್ ಮೂಟೆಗಳೂ ಸಿಗ್ತವೆ. ಮರಳು ಹಾಕೋಕೆ ಜಾಗವೇ ಇಲ್ಲದ ಕಡೆ ಅದು ಸರಿ. ನಿಮ್ಮ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಲೋಡಿಗೆ ಜಾಗ ಇದ್ದರೆ ಆ ಖರ್ಚು ಬೇಡ.

ಆರ್ಡರ್ ಹೇಗೆ ಕೊಡೋದು

ಆರೂ ಲೋಡನ್ನು ಒಂದೇ ಸಲ ತರಿಸಬೇಡಿ. ಮೊದಲು ಎರಡು ತರಿಸಿ, ಕೆಲಸ ಶುರುವಾಗಲಿ. ಮರಳು ಎಷ್ಟು ಹೋಗ್ತಿದೆ ಅಂತ ಸಿಮೆಂಟು ಮೂಟೆಯಿಂದಲೇ ಹೇಳಬಹುದು. ಒಂದು ಮೂಟೆ ಸಿಮೆಂಟು 35 ಲೀಟರ್, ಅಂದರೆ ಒಂದೂಕಾಲು ಘನ ಅಡಿಗೆ ಸ್ವಲ್ಪ ಕಮ್ಮಿ. ಒಂದಕ್ಕೆ ಐದು ಅಂದರೆ ಮೂಟೆಗೆ ಸುಮಾರು 6 ಘನ ಅಡಿ ಒಣ ಮರಳು, ತೇವದ್ದಾದರೆ 7. ಎರಡು ಲೋಡ್, 180 ಅಡಿ ಮುಗಿಯುವ ಹೊತ್ತಿಗೆ ಸುಮಾರು 26 ಖಾಲಿ ಚೀಲ ಇರಬೇಕು.

ಚೀಲ 18-20 ಮಾತ್ರ ಇದ್ದರೆ ಎರಡರಲ್ಲಿ ಒಂದು ಆಗಿದೆ. ಗಾರೆಗೆ ಮರಳು ಜಾಸ್ತಿ ಬೀಳ್ತಿದೆ, ಇಲ್ಲವೇ ಲೋಡಿನಲ್ಲಿ ನೀವು ಅಂದುಕೊಂಡಷ್ಟು ಮರಳು ಇರಲಿಲ್ಲ. ಗಾಡಿಯನ್ನು ಅಳೆದಿದ್ದರೆ ಎರಡನೆಯ ಅನುಮಾನ ಉಳಿಯಲ್ಲ, ನೇರವಾಗಿ ಮೇಸ್ತ್ರಿ ಹತ್ತಿರ ಮಾತಾಡಬಹುದು. 40 ಸೆಂಟಿಮೀಟರ್ ಉದ್ದ, 35 ಅಗಲ, 25 ಎತ್ತರದ ಒಂದು ಹಲಗೆ ಪೆಟ್ಟಿಗೆ ಮಾಡಿಸಿಕೊಡಿ. ಅದು ಸರಿಯಾಗಿ ಒಂದು ಮೂಟೆ ಸಿಮೆಂಟಿನ ಅಳತೆ. ಮೂಟೆಗೆ ಐದು ಪೆಟ್ಟಿಗೆ ಮರಳು, ತೇವದ್ದಾದರೆ ಐದೂ ಮುಕ್ಕಾಲು. ಬಾಂಡ್ಲಿ ಲೆಕ್ಕ ಹೊರುವವರ ಕೈ ನೋಡಿಕೊಂಡು ಬದಲಾಗುತ್ತೆ, ಪೆಟ್ಟಿಗೆ ಬದಲಾಗಲ್ಲ.

ಎರಡು ಲೋಡ್ ಮುಗಿದಾಗ ಎಷ್ಟು ಚದರಡಿ ಗೋಡೆ ಆಗಿದೆ ಅಂತಲೂ ಅಳೆಯಿರಿ. 180 ಅಡಿ ತೇವದ ಮರಳಿಗೆ ಹೊರಗೋಡೆಯಾದರೆ 20 ಎಂಎಂನಲ್ಲಿ ಹತ್ತಿರ ಹತ್ತಿರ 1,600 ಚದರಡಿ, ಒಳಗೋಡೆಯಾದರೆ 15 ಎಂಎಂನಲ್ಲಿ 2,100ರ ಆಸುಪಾಸು ಆಗಿರಬೇಕು. ಅದರ ಮೇಲೆ ಉಳಿದ ಲೋಡಿನ ಲೆಕ್ಕ ತಿದ್ದಿಕೊಳ್ಳಿ. ಐದನೆಯ ಲೋಡ್ ಅರ್ಧ ಖಾಲಿಯಾದಾಗ ಮಿಕ್ಕ ಗೋಡೆಯನ್ನು ಅಳೆದು ಆಮೇಲೆ ಆರನೆಯದ್ದಕ್ಕೆ ಫೋನ್ ಮಾಡಿ. ಅರ್ಧ ಲೋಡ್ ಸಾಕು ಅನ್ನಿಸಿದರೆ ಹಾಗೇ ಕೇಳಿ, ಎಷ್ಟೋ ಟ್ರ್ಯಾಕ್ಟರಿನವರು ತರ್ತಾರೆ. ಆದರೆ ಬಾಡಿಗೆ ಪೂರ್ತಿ ಹಾಕೋದರಿಂದ ಅಡಿಗೆ ಬೀಳುವ ರೇಟು ಜಾಸ್ತಿ. ಮುಂದೆ ಕಾಂಪೌಂಡ್ ಗೋಡೆಯ ಪ್ಲಾಸ್ಟರಿಂಗ್ ಇದ್ದರೆ ಪೂರ್ತಿ ಲೋಡೇ ತರಿಸಿ, ಉಳಿದದ್ದಕ್ಕೆ ಟಾರ್ಪಲ್ ಮುಚ್ಚಿಡಿ.